ಒಂದು ವಾಕ್ಯ, ಎರಡು ಮರ: ಪಾರ್ಸ್ ಟ್ರೀ ಓದಲು ನಾನು ಕಲಿಸುವ ರೀತಿ

ಕೊಪ್ಪಳದ ಡಿಗ್ರಿ ಕಾಲೇಜೊಂದರಲ್ಲಿ ಐಚ್ಛಿಕ ಇಂಗ್ಲಿಷ್ ತೆಗೆದುಕೊಂಡವರಿಗೆ ನಾನು ಸಿಂಟ್ಯಾಕ್ಸ್, ಅಂದರೆ ವಾಕ್ಯರಚನೆಯ ಪಾಠ ಮಾಡುತ್ತೇನೆ. ಜಾಸ್ತಿ ಮಂದಿ ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲೇ ಓದಿದವರು. ನಾನು ಕೊಡುವ ಹ್ಯಾಂಡೌಟ್‌ನಲ್ಲಿ ಒಂದೇ ವಾಕ್ಯಕ್ಕೆ ಎರಡು ಪಾರ್ಸ್ ಟ್ರೀ, ಅಂದರೆ ವಾಕ್ಯದ ಪದಗಳು ಹೇಗೆ ಕೂಡಿವೆ ಅಂತ ಗೆರೆ ಎಳೆದು ತೋರಿಸುವ ಮರದಂಥ ಚಿತ್ರ, ಇವೆ. ‘ದ ವಾಚ್‌ಮನ್ ಸ್ಟಾಪ್ಡ್ ದ ಬಾಯ್ ವಿತ್ ದ ಸ್ಟಿಕ್’ ಅನ್ನೋದು ಆ ವಾಕ್ಯ. ಹಾಳೆ ಕೈಗೆ ಬಂದ ಕೂಡಲೇ ಯಾರಾದರೂ ಕೇಳೇ ಕೇಳುತ್ತಾರೆ: “ಮೇಡಂ, ಇವೆರಡರಲ್ಲಿ ಸರಿ ಯಾವುದ್ರೀ?” ಎರಡೂ ಸರಿ. ಎರಡೂ ಹೇಗೆ ಸರಿ ಅನ್ನೋದು ತಿಳಿದರೆ ಮರ ಏನನ್ನು ತೋರಿಸುತ್ತದೆ ಅನ್ನೋದೂ ತಿಳಿಯುತ್ತದೆ.

ಇಂಗ್ಲಿಷ್ ವಾಕ್ಯಕ್ಕೆ ಹೋಗುವ ಮೊದಲು ಬೋರ್ಡ್ ಮೇಲೆ ‘ಗಂಗಾವತಿಯ ರೈತನ ಹೊಲ’ ಎಂದು ಬರೆಯುತ್ತೇನೆ. ಹೊಲ ಎಲ್ಲಿದೆ? ಕೆಲವರು ಗಂಗಾವತಿಯಲ್ಲಿ ಅನ್ನುತ್ತಾರೆ. ಇನ್ನು ಕೆಲವರು, ರೈತ ಗಂಗಾವತಿಯವನು, ಹೊಲ ಕುಷ್ಟಗಿ ಕಡೆಗೂ ಇರಬಹುದಲ್ವಾ ಅನ್ನುತ್ತಾರೆ. ಪದಗಳು ಅವೇ, ಸಾಲು ಅದೇ, ವಿಭಕ್ತಿಯೂ ಅದೇ. ಬೇರೆ ಆಗಿರುವುದು ಒಂದೇ: ಯಾವ ಎರಡು ಪದ ಮೊದಲು ಕೂಡಿದವು ಅನ್ನೋದು. ‘ಗಂಗಾವತಿಯ ರೈತ’ ಮೊದಲು ಕೂಡಿದರೆ ಊರು ರೈತನದು. ‘ರೈತನ ಹೊಲ’ ಮೊದಲು ಕೂಡಿದರೆ ಊರು ಹೊಲದ್ದು. ಸಾಲಾಗಿ ಬರೆದಾಗ ಈ ಕೂಡುವಿಕೆ ಕಣ್ಣಿಗೆ ಕಾಣುವುದಿಲ್ಲ. ಅದನ್ನು ಕಾಣಿಸುವುದಕ್ಕೇ ಗೆರೆ ಎಳೆದು ಮರ ಬರೆಯುತ್ತಾರೆ.

ಆಮೇಲೆ ಹ್ಯಾಂಡೌಟ್ ತೆಗೆಸುತ್ತೇನೆ. ಪುಟದಲ್ಲಿ ಜಾಗ ಉಳಿಸಲು ಮರವನ್ನೇ ಆವರಣಗಳಲ್ಲಿ ಹೀಗೂ ಬರೆಯಬಹುದು. ಮೊದಲ ಮರ ಇದು:

```
[S [NP [Det The] [N watchman]]
   [VP [V stopped]
       [NP [Det the] [N boy]
           [PP [P with]
               [NP [Det the] [N stick]]]]]]
```

ಎಸ್ ಅಂದರೆ ಇಡೀ ವಾಕ್ಯ. ಎನ್‌ಪಿ ನಾಮಪದದ ಗುಂಪು, ವಿಪಿ ಕ್ರಿಯಾಪದದ ಗುಂಪು, ಪಿಪಿ ಪ್ರಿಪೊಸಿಷನ್‌ನ ಗುಂಪು. ಡೆಟ್ ಅಂದರೆ ‘ದ’, ‘ಎ’ ತರಹದ ಚಿಕ್ಕ ಪದ. ಕೆಲವು ಪುಸ್ತಕಗಳಲ್ಲಿ ಎಸ್ ಬದಲು ಟಿಪಿ, ಎನ್‌ಪಿ ಬದಲು ಡಿಪಿ ಕಾಣುತ್ತದೆ. ನಮ್ಮ ಹ್ಯಾಂಡೌಟ್ ಹಳೆಯ, ಸರಳ ರೀತಿಯದು. ಮೊದಲ ಸಲ ಕಲಿಯುವವರಿಗೆ ಅದೇ ಸಾಕು ಅಂತ ನನ್ನ ಅಭಿಪ್ರಾಯ.

ಮರವನ್ನು ಮೇಲಿನಿಂದ ಓದಬೇಡಿ, ಕೆಳಗಿನಿಂದ ಓದಿ ಅನ್ನುತ್ತೇನೆ. ಮೇಲಿನಿಂದ ಹೊರಟರೆ ಬರೀ ಹೆಸರುಗಳು ಸಿಗುತ್ತವೆ. ಕೆಳಗಿನಿಂದ ಹೊರಟರೆ ಪದಗಳು ಒಂದೊಂದಾಗಿ ಕೂಡುವುದು ಕಾಣುತ್ತದೆ. ‘ದ’ ಮತ್ತು ‘ಸ್ಟಿಕ್’ ಕೂಡಿ ಎನ್‌ಪಿ ಆಯಿತು. ಅದಕ್ಕೆ ‘ವಿತ್’ ಸೇರಿ ಪಿಪಿ ಆಯಿತು. ಆ ಪಿಪಿ ‘ದ ಬಾಯ್’ ಜೊತೆ ಕೂಡಿ ದೊಡ್ಡ ಎನ್‌ಪಿ ಆಯಿತು. ಅಂದರೆ ಕೋಲು ಹುಡುಗನ ಕೈಯಲ್ಲಿದೆ.

ಗೆರೆಗಳು ಸೇರುವ ಜಾಗಕ್ಕೆ ನೋಡ್ ಅನ್ನುತ್ತಾರೆ; ಆವರಣಗಳಲ್ಲಿ ಬರೆದಾಗ ಒಂದೊಂದು ಆವರಣವೂ ಒಂದು ನೋಡ್. ಒಂದು ನೋಡ್ ಮೇಲೆ ಬೆರಳಿಟ್ಟು, ಅದರಿಂದ ಕೆಳಗಿಳಿದ ಗೆರೆಗಳು ಮುಟ್ಟುವ ಪದಗಳನ್ನೆಲ್ಲ ಓದಬೇಕು. ಅಷ್ಟೂ ಪದ ಸೇರಿ ಒಂದು ಘಟಕ. ಒಂದು ಪದವೂ ಬಿಟ್ಟುಹೋಗಬಾರದು, ಹೊರಗಿನದು ಒಂದೂ ಸೇರಬಾರದು. ಉದಾಹರಣೆಗೆ, ಈ ಮರದಲ್ಲಿ ‘ಸ್ಟಾಪ್ಡ್ ದ ಬಾಯ್’ ಒಂದು ಘಟಕವೇ? ಪಕ್ಕಪಕ್ಕದಲ್ಲೇ ಇವೆ, ಓದಿದರೆ ಅರ್ಥವೂ ಆಗುತ್ತದೆ. ಆದರೆ ಈ ಮೂರೇ ಪದಗಳನ್ನು ಹಿಡಿಯುವ ನೋಡ್ ಇಲ್ಲಿ ಇಲ್ಲ. ವಿಪಿ ಮೇಲೆ ಬೆರಳಿಟ್ಟರೆ ‘ವಿತ್ ದ ಸ್ಟಿಕ್’ ಕೂಡ ಜೊತೆಗೇ ಬರುತ್ತದೆ. ಪಕ್ಕದಲ್ಲಿ ಇದ್ದ ಮಾತ್ರಕ್ಕೆ ಒಂದೇ ಗುಂಪು ಆಗುವುದಿಲ್ಲ. ಹುಡುಗರಿಗೆ ಮನಸ್ಸಿಗೆ ಇಳಿಯಲು ಹೊತ್ತು ಹಿಡಿಯುವುದು ಇದೇ. ಹಾಗಾಗಿ ಇಲ್ಲಿ ನಾನು ಅವಸರ ಮಾಡುವುದಿಲ್ಲ.

ಈಗ ಎರಡನೇ ಮರ:

```
[S [NP [Det The] [N watchman]]
   [VP [V stopped]
       [NP [Det the] [N boy]]
       [PP [P with]
           [NP [Det the] [N stick]]]]]
```

ಇಲ್ಲಿ ‘ದ ಬಾಯ್’ ಮುಗಿದ ಕೂಡಲೇ ಎನ್‌ಪಿಯ ಆವರಣವೂ ಮುಚ್ಚಿತು. ಪಿಪಿ ಹೊರಗೆ ಬಂದು ನೇರವಾಗಿ ವಿಪಿಯ ಕೆಳಗೆ ನಿಂತಿತು. ಅದು ಹುಡುಗ ಯಾರು ಅಂತ ಹೇಳುವುದಿಲ್ಲ, ತಡೆದದ್ದು ಹೇಗೆ ಅಂತ ಹೇಳುತ್ತದೆ. ಕೋಲು ವಾಚ್‌ಮನ್ ಕೈಯಲ್ಲಿದೆ. ಇಡೀ ವ್ಯತ್ಯಾಸ ಒಂದು ಆವರಣ ಎಲ್ಲಿ ಮುಚ್ಚಿತು ಅನ್ನೋದರಲ್ಲಿದೆ. (ಕೆಲವರು ಈ ಅರ್ಥಕ್ಕೆ ವಿಪಿಯೊಳಗೆ ಇನ್ನೊಂದು ವಿಪಿ ಬರೆಯುತ್ತಾರೆ. ಆಗ ‘ಸ್ಟಾಪ್ಡ್ ದ ಬಾಯ್’ ಒಂದು ಘಟಕವಾಗುತ್ತದೆ. ಎರಡೂ ರೀತಿಯಲ್ಲಿ ಪಿಪಿ ಎನ್‌ಪಿಯ ಹೊರಗೇ ಇರುತ್ತದೆ.)

ಗೆರೆ ಸುಮ್ನೆ ಮನಸ್ಸಿಗೆ ಬಂದಂತೆ ಎಳೆದದ್ದಲ್ಲ ಅಂತ ತೋರಿಸಲು ಪರೀಕ್ಷೆಗಳಿವೆ. ನಾನು ಮೊದಲು ಹಿಡಿಯುವುದು ‘ಹಿಮ್’ ಪರೀಕ್ಷೆ. ಒಂದು ಪೂರ್ತಿ ಎನ್‌ಪಿ ತೆಗೆದು ಅದರ ಜಾಗದಲ್ಲಿ ಸರ್ವನಾಮ ಹಾಕಬಹುದು. ಕೋಲು ಹುಡುಗನದಾದರೆ ‘ದ ಬಾಯ್ ವಿತ್ ದ ಸ್ಟಿಕ್’ ಅಷ್ಟನ್ನೂ ತೆಗೆದು ‘ದ ವಾಚ್‌ಮನ್ ಸ್ಟಾಪ್ಡ್ ಹಿಮ್’ ಅನ್ನಬಹುದು. ಕೋಲು ವಾಚ್‌ಮನ್‌ದಾದರೆ ‘ದ ಬಾಯ್’ ಮಾತ್ರ ಹೋಗುತ್ತದೆ: ‘ದ ವಾಚ್‌ಮನ್ ಸ್ಟಾಪ್ಡ್ ಹಿಮ್ ವಿತ್ ದ ಸ್ಟಿಕ್.’ ಈ ಕೊನೆಯ ವಾಕ್ಯ ಓದಿ ನೋಡಿ. ಕೋಲು ಹುಡುಗನ ಕೈಯಲ್ಲಿತ್ತು ಅನ್ನುವ ಅರ್ಥ ಸಹಜವಾಗಿ ಬರುವುದಿಲ್ಲ. ಎರಡನೇ ಪರೀಕ್ಷೆ ಮುಂದಕ್ಕೆ ತರುವುದು: ‘ಇಟ್ ವಾಸ್ ವಿತ್ ದ ಸ್ಟಿಕ್ ದಟ್ ದ ವಾಚ್‌ಮನ್ ಸ್ಟಾಪ್ಡ್ ದ ಬಾಯ್.’ ಪಿಪಿ ಒಂದೇ ಮುಂದೆ ಬಂದರೆ ಎರಡನೇ ಮರದ ಅರ್ಥ ಮಾತ್ರ ಉಳಿಯುತ್ತದೆ. ಎನ್‌ಪಿಯೊಳಗೆ ಕೂತ ಪಿಪಿಯನ್ನು ಹೀಗೆ ಕಿತ್ತು ತರಲು ಆಗುವುದಿಲ್ಲ.

ಹುಡುಗರ ನೋಟ್‌ಬುಕ್‌ನಲ್ಲಿ ಎರಡು ತೊಂದರೆ ಹೆಚ್ಚು ಕಾಣುತ್ತವೆ. ಮೊದಲನೆಯದು ಸಬ್ಜೆಕ್ಟ್, ಆಬ್ಜೆಕ್ಟ್ ಅಂತ ಮರದ ಮೇಲೇ ಬರೆಯುವುದು. ಈ ಮರದಲ್ಲಿ ಆ ಹೆಸರು ಬರೆಯುವ ಅಗತ್ಯವೇ ಇಲ್ಲ, ಜಾಗವೇ ಅದನ್ನು ಹೇಳುತ್ತದೆ. ನೇರವಾಗಿ ಎಸ್ ಕೆಳಗಿರುವ ಎನ್‌ಪಿ ಸಬ್ಜೆಕ್ಟ್. ನೇರವಾಗಿ ವಿಪಿ ಕೆಳಗೆ, ಕ್ರಿಯಾಪದದ ಪಕ್ಕದಲ್ಲಿರುವ ಎನ್‌ಪಿ ಆಬ್ಜೆಕ್ಟ್. ‘ದ ಸ್ಟಿಕ್’ ಕೂಡ ಎನ್‌ಪಿಯೇ, ಆದರೆ ಪಿಪಿಯೊಳಗೆ ಇರುವುದರಿಂದ ಅದು ‘ಸ್ಟಾಪ್ಡ್’ನ ಆಬ್ಜೆಕ್ಟ್ ಅಲ್ಲ. ಎರಡನೆಯದು ತ್ರಿಕೋನ. ಹ್ಯಾಂಡೌಟ್‌ನಲ್ಲಿ ಕೆಲವು ಕಡೆ ಎನ್‌ಪಿ ಕೆಳಗೆ ಗೆರೆಗಳ ಬದಲು ತ್ರಿಕೋನ ಇರುತ್ತದೆ. ಒಳಗಿನ ರಚನೆ ಇದೆ, ಇಲ್ಲಿ ಬಿಡಿಸಿಲ್ಲ ಅಂತ ಅದರ ಅರ್ಥ. ಪಿಪಿ ಎಲ್ಲಿ ಸೇರಿತು ಅನ್ನೋದೇ ಪ್ರಶ್ನೆಯಾಗಿರುವಾಗ ಹುಡುಗರು ಅದೇ ಜಾಗಕ್ಕೆ ತ್ರಿಕೋನ ಹಾಕಿ ಬಿಡುತ್ತಾರೆ. ಆಗ ಉತ್ತರವೇ ಮುಚ್ಚಿ ಹೋಗುತ್ತದೆ.

ಎರಡರ್ಥ ಇದ್ದಲ್ಲೆಲ್ಲ ಎರಡು ಮರ ಹುಡುಕುವವರೂ ಇದ್ದಾರೆ. ಅವರಿಗೆ ‘ಹಿ ವೆಂಟ್ ಟು ದ ಬ್ಯಾಂಕ್’ ಕೊಡುತ್ತೇನೆ. ದುಡ್ಡಿಡುವ ಬ್ಯಾಂಕಿಗೆ ಹೋದರೂ ತುಂಗಭದ್ರೆಯ ದಂಡೆಗೆ ಹೋದರೂ ಮರ ಒಂದೇ. ಅಲ್ಲಿ ಎರಡರ್ಥ ಇರುವುದು ಪದದಲ್ಲಿ, ಕೂಡುವಿಕೆಯಲ್ಲಿ ಅಲ್ಲ.

ಟೆಸ್ಟ್‌ಗೆ ‘ದ ಗೈಡ್ ಸಾ ದ ಟೂರಿಸ್ಟ್ ಆನ್ ದ ಹಿಲ್’ ಕೊಡುತ್ತೇನೆ. ಪ್ರತಿ ಮರದ ಕೆಳಗೆ ಅದರ ಅರ್ಥವನ್ನು ಕನ್ನಡದಲ್ಲಿ ಬರೆಯಬೇಕು: ಗುಡ್ಡದ ಮೇಲಿದ್ದ ಪ್ರವಾಸಿಯನ್ನು ನೋಡಿದ್ದೋ, ನೋಡಿದ್ದು ಗುಡ್ಡದ ಮೇಲೋ. ಮರ ಬರೆದು ಅರ್ಥ ಬರೆಯದೆ ಬಿಟ್ಟರೆ ಅರ್ಧ ಅಂಕ ಮಾತ್ರ ಕೊಡುತ್ತೇನೆ.