ಪೆಟ್ಟಿಗೆಯ ಅಳತೆ ಹುಡುಕಲು ನಡುವಿನ ಸಂಖ್ಯೆಯನ್ನು ಹಿಡಿಯಿರಿ

ಒಂದು ಪೆಟ್ಟಿಗೆಯ ಉದ್ದ, ಅಗಲ, ಎತ್ತರ ಸೆಂಟಿಮೀಟರ್ ಲೆಕ್ಕದಲ್ಲಿ ಮೂರು ಕ್ರಮಾಗತ ಪೂರ್ಣಾಂಕಗಳು. ಘನಫಲ 3360 ಘನ ಸೆಂ.ಮೀ. ಅಳತೆಗಳೆಷ್ಟು?

ಹೆಚ್ಚಿನವರು ಚಿಕ್ಕ ಅಳತೆಯನ್ನು x ಎಂದಿಟ್ಟುಕೊಂಡು x(x + 1)(x + 2) = 3360 ಎಂದು ಬರೆಯುತ್ತಾರೆ. ತಪ್ಪೇನಿಲ್ಲ, ಆದರೆ ಬಿಡಿಸಿದಾಗ x³ + 3x² + 2x ಎಂದು ಮೂರು ಪದಗಳಾಗುತ್ತವೆ. ಅದರ ಬದಲು ನಡುವಿನ ಅಳತೆಯನ್ನು n ಎನ್ನಿ. ಆಗ ಉಳಿದೆರಡು n − 1 ಮತ್ತು n + 1. ಅವೆರಡರ ಗುಣಲಬ್ಧ n² − 1 ಆಗುವುದರಿಂದ ಸಮೀಕರಣ ಇಷ್ಟಕ್ಕೆ ಇಳಿಯುತ್ತದೆ:

n³ − n = 3360

ಅಂದರೆ ಘನಫಲವು n³ಕ್ಕಿಂತ ಸರಿಯಾಗಿ n ಅಷ್ಟೇ ಕಡಿಮೆ. ಹಾಗಾಗಿ ಘನಫಲದ ಘನಮೂಲ n ಗಿಂತ ಕೂದಲೆಳೆಯಷ್ಟು ಕೆಳಗಿರುತ್ತದೆ. 3360ರ ಘನಮೂಲ ಸುಮಾರು 14.98. ಅದರ ಮೇಲಿನ ಪೂರ್ಣಾಂಕ 15. ತಾಳೆ ನೋಡಿ: 15³ = 3375, ಅದರಲ್ಲಿ 15 ಕಳೆದರೆ 3360. ಅಳತೆಗಳು 14, 15, 16 ಸೆಂ.ಮೀ.

ಬೇರೆ ಉತ್ತರ ಇರಬಹುದೇ? ಎಲ್ಲವನ್ನೂ ಒಂದೇ ಬದಿಗೆ ತಂದು n³ − n − 3360 = 0 ಎಂದು ಬರೆದು, n − 15 ರಿಂದ ಸಂಶ್ಲೇಷಿತ ಭಾಗಾಕಾರ ಮಾಡಿ. ಎಡವುವುದು ಇಲ್ಲಿಯೇ. n² ಪದ ಕಣ್ಣಿಗೆ ಕಾಣದಿದ್ದರೂ ಅದರ ಸಹಗುಣಕ 0 ಎಂದು ಬರೆಯಲೇಬೇಕು: 1, 0, −1, −3360. ಸರಿಯಾಗಿ ಮಾಡಿದರೆ 1, 15, 224 ಬಂದು ಶೇಷ 0 ಆಗುತ್ತದೆ. ಆ ಸೊನ್ನೆಯನ್ನು ಬಿಟ್ಟರೆ ಶೇಷ −3150 ಬರುತ್ತದೆ, ಸರಿಯಾದ ಉತ್ತರವನ್ನೇ ತಪ್ಪೆಂದು ಹೊಡೆದುಹಾಕುವ ಹಾಗಾಗುತ್ತದೆ. ಉಳಿದ n² + 15n + 224 = 0 ಸಮೀಕರಣದ ಶೋಧಕ 225 − 896 = −671. ಅದು ಋಣ ಸಂಖ್ಯೆಯಾದ್ದರಿಂದ ಬೇರೆ ವಾಸ್ತವ ಮೂಲವಿಲ್ಲ, ಉತ್ತರ ಒಂದೇ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. x(x + 1)(x + 2) = 3360 ಎಂದು ಬರೆದು, x = 3360, x + 1 = 3360 ಎಂದು ಬಿಡಿಬಿಡಿಯಾಗಿ ಬಿಡಿಸುವುದು. ಗುಣಲಬ್ಧ ಸೊನ್ನೆಯಾದಾಗ ಮಾತ್ರ ಅಪವರ್ತನಗಳಲ್ಲಿ ಒಂದಾದರೂ ಸೊನ್ನೆಯಾಗಲೇಬೇಕು. 3360ಕ್ಕೆ ಅಂಥ ಕಟ್ಟಳೆಯಿಲ್ಲ. ಮೊದಲು ಬಲಬದಿಯನ್ನು ಸೊನ್ನೆ ಮಾಡಿಕೊಳ್ಳಿ.

ಘನಫಲವನ್ನು 3.36 ಲೀಟರ್ ಎಂದು ಕೊಟ್ಟಿದ್ದರೆ ಮೊದಲು 1000ದಿಂದ ಗುಣಿಸಿ ಘನ ಸೆಂ.ಮೀ.ಗೆ ತನ್ನಿ. ಅಳತೆಗಳು ಪೂರ್ಣಾಂಕಗಳಾಗಿರುವುದು ಸೆಂಟಿಮೀಟರಿನಲ್ಲಿ, ಮೂಲಮಾನ ಬದಲಾದರೆ ಆ ಷರತ್ತೇ ಮುರಿಯುತ್ತದೆ.

ಕೊಟ್ಟ ಘನಫಲಕ್ಕೆ ಇಂಥ ಪೆಟ್ಟಿಗೆ ಇರಲೇಬೇಕೆಂದೇನೂ ಇಲ್ಲ. ಮೂರು ಕ್ರಮಾಗತ ಪೂರ್ಣಾಂಕಗಳಲ್ಲಿ ಒಂದು 3ರ ಅಪವರ್ತ್ಯ, ಕನಿಷ್ಠ ಒಂದು ಸಮಸಂಖ್ಯೆ. ಆದ್ದರಿಂದ ಘನಫಲ 6ರಿಂದ ಭಾಗವಾಗದಿದ್ದರೆ ಮುಂದೆ ಹೋಗುವುದೇ ಬೇಡ, 1000 ಅಲ್ಲಿಗೇ ಬಿದ್ದುಹೋಗುತ್ತದೆ. ಭಾಗವಾದ ಮಾತ್ರಕ್ಕೆ ಗೆದ್ದ ಹಾಗೂ ಅಲ್ಲ. 3300 ಸಂಖ್ಯೆ 6ರಿಂದ ಭಾಗವಾಗುತ್ತದೆ, ಘನಮೂಲದ ಮೇಲಿನ ಪೂರ್ಣಾಂಕವೂ 15. ಆದರೆ 3375 − 3300 = 75. ಉಳಿಯಬೇಕಿದ್ದದ್ದು 15. ಹಾಗಾಗಿ 3300ಕ್ಕೆ ಅಂಥ ಪೆಟ್ಟಿಗೆಯಿಲ್ಲ.