ಹೋಳಿಗೆಗೆ ಎರಡು ಕಾವಲಿ: ನನ್ನ ಅನುಭವ

ಈ ಯುಗಾದಿಗೆ ನೂರಿಪ್ಪತ್ತು ಬೇಳೆ ಹೋಳಿಗೆಯ ಆರ್ಡರ್ ಇತ್ತು. ಒಂದರ ಮೇಲೂ ಕಪ್ಪು ಚುಕ್ಕೆ ಬೀಳಲಿಲ್ಲ. ಎರಡು ಕಾವಲಿ ಇಟ್ಟಾಗ ನಮ್ಮ ಅತ್ತೆ, "ಸುಮ್ನೆ ಗ್ಯಾಸ್ ದಂಡ ಕಣಮ್ಮ" ಅಂದಿದ್ದರು. ಈಗ ಅವರೇ ಎರಡನೇ ಕಾವಲಿ ಮುಂದೆ ನಿಲ್ಲುತ್ತಾರೆ.

ಹಿಂದಿನ ವರ್ಷದ್ದು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಒಂದೇ ಕಾವಲಿಯಲ್ಲಿ ತುಪ್ಪ ಹಾಕಿ ಹಾಕಿ ಬೇಯಿಸಿದೆ. ಮೊದಲ ಹದಿನೈದು ಚೆನ್ನಾಗಿ ಬಂದವು. ಆಮೇಲೆ ಕಾವಲಿಯಲ್ಲಿ ಉಳಿದ ತುಪ್ಪ ಸೀದು ಹೊಗೆಯಾಡಿತು, ಅದರ ಕರಿ ಮುಂದಿನ ಹೋಳಿಗೆಗೆ ಅಂಟಿತು. ನಲವತ್ತರ ಹತ್ತಿರ ಪಕ್ಕಕ್ಕಿಟ್ಟೆ. ಒಂದಕ್ಕೆ ಇಪ್ಪತ್ತೈದರಂತೆ ಸಾವಿರ ರೂಪಾಯಿ ಹೋಯಿತು. ನಾನ್‌ಸ್ಟಿಕ್ ತಂದರೆ ಸರಿಹೋಗುತ್ತದೆ ಅಂತ ಸುಮಾರು ಸಾವಿರದ ನಾನೂರು ಕೊಟ್ಟೆ. ಅದು ತೆಳು. ತಣ್ಣನೆ ಕಣಕ ಬಿದ್ದ ತಕ್ಷಣ ಕಾವು ಇಳಿದು, ಹೋಳಿಗೆ ಬಿಳಿಚಿಕೊಂಡು ಒಣಗುತ್ತಿತ್ತು. ಈಗ ಅದರಲ್ಲಿ ದೋಸೆ ಹಾಕುತ್ತೇನೆ.

ಈಗ ಮೊದಲ ಕಾವಲಿ ದಪ್ಪ ಕಬ್ಬಿಣದ್ದು, ಉರಿ ಮಧ್ಯಮಕ್ಕಿಂತ ಸ್ವಲ್ಪ ಜಾಸ್ತಿ. ಅದಕ್ಕೆ ತುಪ್ಪದ ಹನಿಯೂ ಇಲ್ಲ. ಕಣಕ ನೆನೆದ ಎಣ್ಣೆಯೇ ಸಾಕು. ಬಾಳೆ ಎಲೆ ಮೇಲೆ ಬರುವ ಹಾಗೆ ಹೋಳಿಗೆ ಕವುಚಿ ಹಾಕುತ್ತೇನೆ. ಹತ್ತು ಎಣಿಸುವಷ್ಟರಲ್ಲಿ ಎಲೆಯ ಅಂಚು ಸಡಿಲವಾಗುತ್ತದೆ. ಅದಕ್ಕೆ ಮೊದಲು ಎಳೆದರೆ ಕಣಕ ಹರಿದು ಹೂರಣ ಹೊರಗೆ ಬರುತ್ತದೆ. ಎಲೆ ತೆಗೆದ ಮೇಲೆ ಅರ್ಧ ನಿಮಿಷ ಮುಟ್ಟುವುದಿಲ್ಲ. ಮೇಲೆ ಸಣ್ಣ ಗುಳ್ಳೆ ಎದ್ದು, ಹಸಿ ಕಣಕದ ಮಿರುಗು ಹೋದಾಗ ಒಂದೇ ಸಲ ಮಗುಚುತ್ತೇನೆ. ಇಪ್ಪತ್ತು ಸೆಕೆಂಡಿಗೆ ಅದು ಎರಡನೇ ಕಾವಲಿಗೆ.

ಅಲ್ಲಿ ಸಣ್ಣ ಉರಿ. ಸುತ್ತ ಅರ್ಧ ಚಮಚ ತುಪ್ಪ, ಮಗುಚಿ ಇನ್ನರ್ಧ ಚಮಚ. ಹೊಂಬಣ್ಣದ ಚುಕ್ಕೆ ಬಂದು, ನಡುವೆ ಉಬ್ಬಿದರೆ ಆಯಿತು. ನಾಲ್ಕೈದು ಸಲ ತಿರುವಿದರೆ ಅಂಚು ಹಪ್ಪಳದ ಹಾಗೆ ಗಟ್ಟಿಯಾಗುತ್ತದೆ. ಇದು ಎಷ್ಟೋ ಜನರಿಗೆ ಹೇಳಿದರೂ ಕೈ ಸುಮ್ಮನಿರುವುದಿಲ್ಲ, ಅಲ್ವಾ?

ಮೊದಲು ನೂರಕ್ಕೆ ಮುಕ್ಕಾಲು ಕೆಜಿ ದಾಟುತ್ತಿದ್ದ ತುಪ್ಪ ಈಗ ಅರ್ಧ ಕೆಜಿಯೊಳಗೆ ಮುಗಿಯುತ್ತದೆ. ಹೆಚ್ಚಿನ ಗ್ಯಾಸಿನ ಖರ್ಚು ಕಳೆದರೂ ನೂರೈವತ್ತು ರೂಪಾಯಿ ಮಿಗುತ್ತದೆ. ತುಪ್ಪಕ್ಕೆ ಎಣ್ಣೆ ಬೆರೆಸಿಯೂ ನೋಡಿದೆ. ಬಿಸಿಯಲ್ಲಿ ಗೊತ್ತಾಗಲಿಲ್ಲ, ಮರುದಿನ ಘಮವೇ ಇರಲಿಲ್ಲ. ಬಿಟ್ಟುಬಿಟ್ಟೆ.

ಕಾಯಿ ಹೋಳಿಗೆಗೆ ಮೊದಲ ಕಾವಲಿಯ ಉರಿಯನ್ನೂ ಇಳಿಸಬೇಕು. ತೆಂಗಿನ ತುರಿ ಅಂಚಿನಲ್ಲಿ ಇಣುಕಿ, ಪಾಕದ ಸಮೇತ ಬೇಗ ಸೀಯುತ್ತದೆ. ಬೆಲ್ಲ ಸೋರಿದರೆ ಅಲ್ಲೇ ನಿಲ್ಲಿಸಿ ಕಾವಲಿ ಒರೆಸಲೇಬೇಕು. ಒರೆಸುವ ಬಟ್ಟೆಯನ್ನು ಯಾವುದರಲ್ಲಿ ಅದ್ದುತ್ತೇನೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಇಳಿಸಿದ್ದನ್ನು ಒಂದರ ಮೇಲೊಂದು ಪೇರಿಸಬೇಡಿ. ಹಬೆ ಕಟ್ಟಿ ಅಂಟಿಕೊಳ್ಳುತ್ತವೆ. ಹಳೇ ಪಂಚೆ ಹರಡಿ ಅದರ ಮೇಲೆ ಬಿಡಿ ಬಿಡಿಯಾಗಿ ಹಾಕುತ್ತೇನೆ. ಕೈಗೆ ಬಿಸಿ ತಾಗದಷ್ಟು ಆರಿದ ಮೇಲೆಯೇ ಡಬ್ಬಿಗೆ.