ಬ್ಯಾಂಕ್ ವಲಯದ ಹಂಚಿಕೆ ಪರಿಣಾಮ ತಪ್ಪು ಚಿಹ್ನೆ ತೋರಿಸುತ್ತಿದ್ದರೆ

ದಾವಣಗೆರೆಯ ಒಂದು ಕುಟುಂಬದ ಷೇರು ಹೂಡಿಕೆ ಬೆಂಚ್‌ಮಾರ್ಕ್‌ಗಿಂತ 1.8% ಹಿಂದೆ ಬಿದ್ದಿತ್ತು. ಅದಕ್ಕೆ ಕಾರಣ ಬಿಡಿಸಬೇಕಿತ್ತು. ಲೆಕ್ಕ ಸುಲಭವಾಗಲೆಂದು ಎರಡೇ ವಲಯ ಇಟ್ಟು, ಅಂಕಿಗಳನ್ನು ದುಂಡಾಗಿಸಿದ್ದೇನೆ.

ಬ್ಯಾಂಕ್: ನಮ್ಮ ತೂಕ 60%, ಬೆಂಚ್‌ಮಾರ್ಕ್ 40%, ಗಳಿಕೆ ನಮ್ಮದು 6%, ಅದರದ್ದು 5%.
ಐಟಿ: ತೂಕ 40%, 60%, ಗಳಿಕೆ 14%, 15%.

ಒಟ್ಟು ಗಳಿಕೆ ನಮ್ಮದು 9.2%, ಬೆಂಚ್‌ಮಾರ್ಕ್‌ನದ್ದು 11%. ಆದರೂ ಶೀಟು ತೂಕದ ವ್ಯತ್ಯಾಸವನ್ನು ವಲಯದ ಬೆಂಚ್‌ಮಾರ್ಕ್ ಗಳಿಕೆಯಿಂದ ನೇರ ಗುಣಿಸಿ ಬ್ಯಾಂಕ್ ಹಂಚಿಕೆಗೆ +1.0 ತೋರಿಸುತ್ತಿತ್ತು. ಹಿಂದುಳಿದ ವಲಯದಲ್ಲಿ ಜಾಸ್ತಿ ಹಣ ಹಾಕಿದ್ದು ಲಾಭ ಹೇಗಾಗುತ್ತದೆ?

ಬೆಲೆ, ಡಿವಿಡೆಂಡ್ ಮತ್ತೆ ತಾಳೆ ನೋಡಿದರೂ ಬದಲಾಗಲಿಲ್ಲ. ವಲಯದೊಳಗಿನ ಷೇರು ಆಯ್ಕೆಯ ಪರಿಣಾಮಕ್ಕೆ ಬೆಂಚ್‌ಮಾರ್ಕ್ ತೂಕ ಹಾಕಿದರೆ 0.4 ಲೆಕ್ಕಕ್ಕೇ ಸಿಗದೆ ಉಳಿಯಿತು.

ಸರಿಹೋದದ್ದು ಬ್ರಿನ್ಸನ್–ಫ್ಯಾಕ್ಲರ್ ವಿಧಾನದಿಂದ. ವಲಯದ ಬೆಂಚ್‌ಮಾರ್ಕ್ ಗಳಿಕೆಯಿಂದ ಬೆಂಚ್‌ಮಾರ್ಕ್‌ನ ಒಟ್ಟು ಗಳಿಕೆಯನ್ನು ಮೊದಲು ಕಳೆಯಬೇಕು. B, C ತೂಕಗಳು. D, E ಗಳಿಕೆಗಳು. ಮೊದಲು ನಮ್ಮದು, ಆಮೇಲೆ ಬೆಂಚ್‌ಮಾರ್ಕ್.

```
E4: =SUMPRODUCT(C2:C3,E2:E3)
F2: =(B2-C2)*(E2-$E$4)
G2: =B2*(D2-E2)
```

F2, G2 ಕೆಳಗೆ ಎಳೆಯಿರಿ. ಹಂಚಿಕೆ: ಬ್ಯಾಂಕ್ −1.2, ಐಟಿ −0.8. ಆಯ್ಕೆ: +0.6, −0.4. ಒಟ್ಟು −1.8, ಸರಿಯಾಗಿ ಕೂಡಿತು. ಹಂಚಿಕೆಯ ಮೊತ್ತ ಹಳೆಯ ಸೂತ್ರದಲ್ಲೂ −2.0 ಬರುತ್ತದೆ. ಹಾಗಾಗಿ ಮೊತ್ತ ನೋಡಿ ಸುಮ್ನೆ ನಂಬಬೇಡಿ, ವಲಯವಾರು ಚಿಹ್ನೆ ನೋಡಿ.

G2ನಲ್ಲಿ ನಮ್ಮ ತೂಕ ಹಾಕಿದ್ದರಿಂದ ಆ 0.4 ಆಯ್ಕೆಯೊಳಗೇ ಸೇರಿತು. ತೂಕ ಅವಧಿಯ ಆರಂಭದ್ದೇ ಇರಲಿ. ನಗದು ಇದ್ದರೆ ಅದಕ್ಕೂ ಒಂದು ಸಾಲು ಬೇಕು, ಬೆಂಚ್‌ಮಾರ್ಕ್ ತೂಕ 0. ತಿಂಗಳುಗಳ ಫಲವನ್ನು ನೇರ ಕೂಡಿದರೆ ವರ್ಷದ ವ್ಯತ್ಯಾಸಕ್ಕೆ ಹೊಂದುವುದಿಲ್ಲ. ಅದಕ್ಕೆ ಬೇರೆ ಜೋಡಣೆ ಸೂತ್ರ ಬೇಕು.